ತೊಂಬತ್ತು ಯಾರಲ್ಲಿ?

ನಮ್ಮ ಚಿಕ್ಕಪ್ಪನ ಮಗ ತುಮಕೂರಿನಲ್ಲಿ ಸೆಕೆಂಡ್ ಪಿಯುಸಿ ಓದ್ತಿದ್ದಾನೆ. ಮನೇಲಿ ಎಲ್ಲರಿಗೂ ಅವನು ಪುಟ್ಟ, ಮೀಸೆ ಬಂದರೂ ಪುಟ್ಟನೇ. ಭಾನುವಾರ ಬೆಳಿಗ್ಗೆ ನಾನು ಬೆಂಗಳೂರಿನಿಂದ ವಿಡಿಯೊ ಕಾಲ್ ಮಾಡಿ ಅವನಿಗೆ ಲೆಕ್ಕ ಹೇಳಿಕೊಡುತ್ತೇನೆ. ಇಂಟಿಗ್ರೇಷನ್ ತನಕ ಇಬ್ಬರೂ ಆರಾಮಾಗಿದ್ದೆವು. ಜಗಳ ಶುರುವಾಗಿದ್ದು ಕೊನೆಯ ಪಾಠ ಸಂಭವನೀಯತೆಗೆ ಬಂದಾಗ.

ಪುಸ್ತಕದಲ್ಲಿ ಒಂದು ಲೆಕ್ಕ ಇದೆ. ನಿಮ್ಮಲ್ಲಿ ಸೈನ್ಸ್ ಓದಿದವರು ಮಾಡಿರುತ್ತೀರಿ. ಒಂದು ರಕ್ತ ಪರೀಕ್ಷೆ ರೋಗ ಇದ್ದವರಲ್ಲಿ ಶೇ 99ರಷ್ಟು ಜನರನ್ನು ಹಿಡಿಯುತ್ತದೆ. ರೋಗ ಇಲ್ಲದವರಲ್ಲೂ ಶೇ 0.5ರಷ್ಟು ಜನರಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಊರಿನಲ್ಲಿ ರೋಗ ಇರುವುದು ಶೇ 0.1 ಜನರಿಗೆ. ಒಬ್ಬರಿಗೆ ಪಾಸಿಟಿವ್ ಬಂದಿದೆ, ಅವರಿಗೆ ರೋಗ ಇರುವ ಸಂಭವನೀಯತೆ ಎಷ್ಟು?

ಪುಟ್ಟ ನೋಡಿದವನೇ ಬರೆದ: 0.99.

"ಲೋ, ಅದನ್ನ ಅವರೇ ಕೊಟ್ಟಿದ್ದಾರಲ್ಲೋ. ಪ್ರಶ್ನೆಯಲ್ಲೇ ಇರೋ ನಂಬರ್ ಉತ್ತರ ಹೇಗಾಗತ್ತೆ?"

"ಪಾಸಿಟಿವ್ ಇದೆ, ರೋಗ ಇದೆ, 99 ಪರ್ಸೆಂಟ್. ಇನ್ನೇನಕ್ಕಾ?"

ಅವನ ತೊಂದರೆ ದಡ್ಡತನದ್ದಲ್ಲ, ಓದುವ ದಿಕ್ಕಿನದು. P(A|B) ಎಂಬುದನ್ನು ಎಡದಿಂದ ಬಲಕ್ಕೆ ಓದಿದರೆ A ಮೊದಲು ಬರುತ್ತದೆ, ಷರತ್ತು ಆಮೇಲೆ. ಇಂಗ್ಲಿಷಿನಲ್ಲೂ ಅದೇ ಕ್ರಮ. ಕನ್ನಡದಲ್ಲಿ ನಾವು ಷರತ್ತನ್ನೇ ಮೊದಲು ಹೇಳುವುದು: "ಪಾಸಿಟಿವ್ ಬಂದವರಲ್ಲಿ ರೋಗ ಇರುವವರು ಎಷ್ಟು". ಪುಟ್ಟ ಮನಸ್ಸಿನಲ್ಲೇ ಪದ ಪದ ಕನ್ನಡಕ್ಕೆ ತಂದುಕೊಳ್ಳುವಾಗ ಮೊದಲು ಕಂಡದ್ದನ್ನೇ ಷರತ್ತು ಮಾಡಿಬಿಡುತ್ತಿದ್ದ. ಅಲ್ಲಿಗೆ "ರೋಗ ಇರುವವರಲ್ಲಿ ಪಾಸಿಟಿವ್" ಅಂತಾಗಿ, 0.99 ಸರಿಯಾಗೇ ಕಾಣುತ್ತಿತ್ತು.

ಹಾಗಾಗಿ ಸೂತ್ರ ಪಕ್ಕಕ್ಕಿಟ್ಟು ಒಂದೇ ಒಂದು ಅಭ್ಯಾಸ ಮಾಡಿಸಿದೆ. ಯಾವ ಪರ್ಸೆಂಟ್ ಕಂಡರೂ ಅದರ ಮೇಲೆ ಕೆಂಪು ಪೆನ್ನಿನಲ್ಲಿ "ಯಾರಲ್ಲಿ?" ಅಂತ ಬರೆಯಬೇಕು. ಆ "ಅಲ್ಲಿ" ಯಾರಿಗೆ ಅಂಟಿಕೊಂಡಿದೆಯೋ ಅವರೇ ಭಾಗಿಸುವ ಸಂಖ್ಯೆ, ಅಂದರೆ ಕೆಳಗಿನದು. 99 ಯಾರಲ್ಲಿ? ರೋಗ ಇದ್ದವರಲ್ಲಿ. ಕೇಳಿರೋದು ಯಾರಲ್ಲಿ? ಪಾಸಿಟಿವ್ ಬಂದವರಲ್ಲಿ. ಗುಂಪೇ ಬೇರೆ.

ಆಮೇಲೆ ಒಂದು ಲಕ್ಷ ಜನರನ್ನು ನಿಲ್ಲಿಸಿಕೊಂಡೆವು. ರೋಗ ಇರುವವರು 100, ಅವರಲ್ಲಿ 99 ಜನ ಪಾಸಿಟಿವ್. ಇಲ್ಲದವರು 99,900, ಅವರಲ್ಲಿ ಶೇ 0.5 ಅಂದರೆ ಹೆಚ್ಚುಕಮ್ಮಿ 500 ಜನ ಪಾಸಿಟಿವ್. ಪಾಸಿಟಿವ್ ಚೀಟಿ ಹಿಡಿದು ನಿಂತವರು ಒಟ್ಟು 599. ಅವರೊಳಗೆ ನಿಜವಾಗಿ ರೋಗ ಇರುವವರು 99. ಸುಮಾರು ಶೇ 16.5. ಪುಟ್ಟ ಕ್ಯಾಲ್ಕುಲೇಟರ್ ಎರಡು ಸಲ ಒತ್ತಿ ನೋಡಿದ. "ಮೋಸ ಅಕ್ಕ ಇದು" ಅಂದ.

ಮೋಸ ಏನಿಲ್ಲ. ಪರೀಕ್ಷೆ ಚೆನ್ನಾಗೇ ಇದೆ. ಆರೋಗ್ಯವಾಗಿರುವವರ ಗುಂಪು ಅಷ್ಟು ದೊಡ್ಡದಿರುವುದರಿಂದ ಅದರ ಅರ್ಧ ಪರ್ಸೆಂಟೇ ರೋಗಿಗಳೆಲ್ಲರನ್ನೂ ಮೀರಿಸುತ್ತದೆ. ಇಷ್ಟನ್ನು ದೊಡ್ಡ ಮೇಷ್ಟ್ರ ಹಾಗೆ ಹೇಳಿ ಫೋನ್ ಇಟ್ಟೆ.

ಆಗ ನನಗೆ ಮೂರನೇ ತಿಂಗಳು ನಡೆಯುತ್ತಿತ್ತು. ಮೂರು ತುಂಬುವ ತನಕ ಯಾರಿಗೂ ಹೇಳಬೇಡ ಅಂತ ಅತ್ತೆ ಹೇಳಿದ್ದರಿಂದ ಪುಟ್ಟನ ಮನೆಗೆ ಗೊತ್ತಿರಲಿಲ್ಲ. ಹನ್ನೆರಡನೇ ವಾರದಲ್ಲಿ ಎನ್‌ಟಿ ಸ್ಕ್ಯಾನ್, ಜೊತೆಗೆ ಡಬಲ್ ಮಾರ್ಕರ್ ಅನ್ನೋ ರಕ್ತ ಪರೀಕ್ಷೆ ಮಾಡಿಸಿದ್ದೆವು. ಸ್ಕ್ಯಾನ್‌ನಲ್ಲಿ ಮಗುವಿನ ಕತ್ತಿನ ಹಿಂಭಾಗದ ನೀರಿನ ಪದರ ಅಳೆಯುತ್ತಾರೆ. ರಕ್ತದಲ್ಲಿ ಎರಡು ಅಂಶಗಳನ್ನು ನೋಡುತ್ತಾರೆ. ಇವೆಲ್ಲದರ ಜೊತೆ ತಾಯಿಯ ವಯಸ್ಸನ್ನೂ ಸೇರಿಸಿ, ಡೌನ್ ಸಿಂಡ್ರೋಮ್‌ನಂಥ ತೊಂದರೆ ಇರುವ ಸಾಧ್ಯತೆಯನ್ನು ಲೆಕ್ಕ ಹಾಕಿ ಕೊಡುತ್ತಾರೆ.

ರಿಪೋರ್ಟ್ ಬಂದಿದ್ದು ಬುಧವಾರ ಮಧ್ಯಾಹ್ನ, ಆಫೀಸಿನಲ್ಲಿದ್ದಾಗ, ಫೋನಿಗೆ. ಪಿಡಿಎಫ್ ತೆರೆದರೆ ಕೆಂಪು ಅಕ್ಷರದಲ್ಲಿ "ಸ್ಕ್ರೀನ್ ಪಾಸಿಟಿವ್". ಅದರ ಪಕ್ಕ 1:180. ಕೆಳಗೆ ಚಿಕ್ಕ ಅಕ್ಷರದಲ್ಲಿ, ಈ ಪರೀಕ್ಷೆಯ ಪತ್ತೆ ಪ್ರಮಾಣ ಶೇ 90, ತಪ್ಪು ಪಾಸಿಟಿವ್ ಶೇ 5.

ಪುಟ್ಟನಿಗೆ ಪಾಠ ಹೇಳಿ ಮೂರು ದಿನವೂ ಆಗಿರಲಿಲ್ಲ. ನಾನು ಓದಿಕೊಂಡದ್ದು ಹೀಗೆ: ಪಾಸಿಟಿವ್, ಶೇ 90. ನನ್ನ ಮಗುವಿಗೆ ಶೇ 90ರಷ್ಟು ತೊಂದರೆ ಇದೆ. ಪಕ್ಕದಲ್ಲೇ ಇದ್ದ 1:180 ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ವಾಶ್‌ರೂಮಿಗೆ ಹೋಗಿ ಅತ್ತೆ. ಗಂಡನಿಗೆ ಫೋನ್ ಮಾಡಿ "ತೊಂಬತ್ತು ಪರ್ಸೆಂಟ್ ಅಂತೆ" ಅಂದೆ. ಅವರು ಆ ಕಡೆ ಮಾತೇ ಆಡಲಿಲ್ಲ. ಡಾಕ್ಟರ್ ಸಿಗುವುದು ಮರುದಿನ ಸಂಜೆ.

ಆ ರಾತ್ರಿ ಎಂಟು ಗಂಟೆಗೆ ಪುಟ್ಟನಿಂದ ವಾಟ್ಸಾಪ್‌ನಲ್ಲಿ ನೋಟ್‌ಬುಕ್ಕಿನ ಫೋಟೊ. "ಅಕ್ಕ ಕರೆಕ್ಷನ್ ಪ್ಲೀಸ್." ನೋಡುವ ಮನಸ್ಸಿರಲಿಲ್ಲ. ಏನೋ ಅಭ್ಯಾಸಬಲದಿಂದ ತೆರೆದೆ. ಪುಟದ ತುಂಬ ಪರ್ಸೆಂಟುಗಳು, ಪ್ರತಿಯೊಂದರ ಮೇಲೂ ಅವನ ಕೋಳಿ ಕೆದರಿದಂಥ ಅಕ್ಷರದಲ್ಲಿ ಕೆಂಪಗೆ "ಯಾರಲ್ಲಿ?", "ಯಾರಲ್ಲಿ?"

ಎದ್ದು ಬಿಲ್ಲಿನ ಹಿಂಬದಿಯಲ್ಲೇ ಬರೆಯಲು ಕೂತೆ. ಶೇ 90 ಯಾರಲ್ಲಿ? ಮಗುವಿಗೆ ತೊಂದರೆ ಇರುವ ತಾಯಂದಿರಲ್ಲಿ. ನಾನಿರುವುದು ಪಾಸಿಟಿವ್ ಬಂದವರಲ್ಲಿ.

ನನಗೆ 29. ಈ ವಯಸ್ಸಿನವರಲ್ಲಿ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವುದು ಸುಮಾರು ಸಾವಿರಕ್ಕೆ ಒಂದು. ಹತ್ತು ಸಾವಿರ ತಾಯಂದಿರನ್ನು ಇಟ್ಟುಕೊಂಡರೆ ತೊಂದರೆ ಇರುವುದು ಹತ್ತು ಮಕ್ಕಳಿಗೆ, ಪರೀಕ್ಷೆ ಹಿಡಿಯುವುದು ಒಂಬತ್ತನ್ನು. ಮಿಕ್ಕ 9,990 ತಾಯಂದಿರಲ್ಲಿ ಶೇ 5, ಅಂದರೆ ಸುಮಾರು 500 ಜನಕ್ಕೆ ಸುಮ್ಮನೆ ಪಾಸಿಟಿವ್. ಒಟ್ಟು 509 ಜನ ನನ್ನ ಹಾಗೆ ಕೆಂಪಕ್ಷರ ನೋಡಿದವರು, ಅವರಲ್ಲಿ ನಿಜವಾದದ್ದು ಒಂಬತ್ತು. ಶೇ 2ಕ್ಕಿಂತ ಕಡಿಮೆ. ಹೆಚ್ಚುಕಮ್ಮಿ 57ಕ್ಕೆ ಒಂದು.

ಗಂಡನಿಗೆ ತೋರಿಸಿದೆ. ಅವರು ಕಾಮರ್ಸ್. ಮೂರು ಸಲ ಓದಿ, "ಹಾಗಾದ್ರೆ ಈ 180 ಎಲ್ಲಿಂದ ಬಂತು? ನಿನ್ನ ಲೆಕ್ಕದಲ್ಲಿ 57 ಇದೆಯಲ್ಲ" ಅಂದರು. ಒಳ್ಳೇ ಪ್ರಶ್ನೆ, ನನಗೆ ಉತ್ತರ ಹೊಳೆಯಲಿಲ್ಲ.

ಮರುದಿನ ಡಾಕ್ಟರ್ ಅದನ್ನು ಬಿಡಿಸಿ ಹೇಳಿದರು. ನನ್ನ ಲೆಕ್ಕ ಪಾಸಿಟಿವ್ ಬಂದವರೆಲ್ಲರ ಒಟ್ಟು ಸರಾಸರಿ, ಅದೂ ಒರಟು ಲೆಕ್ಕ. 1:250ಕ್ಕಿಂತ ಹೆಚ್ಚು ಅಪಾಯ ಕಂಡವರನ್ನೆಲ್ಲ ಆ ಲ್ಯಾಬ್ ಪಾಸಿಟಿವ್ ಅನ್ನುತ್ತದೆ. ಅದರೊಳಗೆ 1:10 ಬಂದವರೂ ಇರುತ್ತಾರೆ, 1:240 ಬಂದವರೂ ಇರುತ್ತಾರೆ. 1:180 ಎಂಬುದು ನನ್ನದೇ ವಯಸ್ಸು, ನನ್ನದೇ ಸ್ಕ್ಯಾನ್, ನನ್ನದೇ ರಕ್ತ ಹಾಕಿ ತೆಗೆದದ್ದು. ಅಂದರೆ ಆ ಸಂಖ್ಯೆ ಮೊದಲೇ ಸರಿಯಾದ ದಿಕ್ಕಿಗೆ ತಿರುಗಿಸಿ ಕೊಟ್ಟ ಉತ್ತರ: ನನ್ನಂಥದೇ ರಿಪೋರ್ಟ್ ಬಂದ 180 ಜನರಲ್ಲಿ ಒಬ್ಬರಿಗೆ. ಬೇಕಿದ್ದ ಉತ್ತರ ದೊಡ್ಡ ಅಕ್ಷರದಲ್ಲೇ ಇತ್ತು. ನಾನು ಕೆಳಗಿನ ಚಿಕ್ಕ ಅಕ್ಷರದ, ಬೇರೆ ಗುಂಪಿನ ಪರ್ಸೆಂಟ್ ಹಿಡಿದುಕೊಂಡು ಅತ್ತಿದ್ದೆ. (ಕೆಂಪಕ್ಷರದಲ್ಲಿ "ಪಾಸಿಟಿವ್" ಅಂತ ಹಾಕುವ ಬದಲು "ಇನ್ನೊಂದು ಪರೀಕ್ಷೆ ಬೇಕು" ಅಂತ ಹಾಕಿದ್ದರೆ ಆ ಮಧ್ಯಾಹ್ನ ಅಷ್ಟು ಕೆಟ್ಟದಾಗಿರುತ್ತಿರಲಿಲ್ಲ ಅನ್ನೋದು ನನ್ನ ಈಗಿನ ಅಭಿಪ್ರಾಯ ಕೂಡ.)

ಹಾಗಂತ 180ಕ್ಕೆ ಒಂದು ಅಂದರೆ ಸೊನ್ನೆ ಅಲ್ಲ. ಡಾಕ್ಟರ್ ಎರಡು ದಾರಿ ಹೇಳಿದರು. ಒಂದು ಆಮ್ನಿಯೊಸೆಂಟೆಸಿಸ್, ಹದಿನೈದು ವಾರ ತುಂಬಿದ ಮೇಲೆ ಸೂಜಿಯಿಂದ ಗರ್ಭದ ನೀರು ತೆಗೆದು ನೋಡುವುದು. ಖಚಿತ ಉತ್ತರ ಸಿಗುತ್ತದೆ, ಗರ್ಭಪಾತದ ಸಣ್ಣ ಅಪಾಯ ಇದೆ. ಇನ್ನೊಂದು ಎನ್‌ಐಪಿಟಿ, ತಾಯಿಯ ರಕ್ತದಲ್ಲೇ ತೇಲುವ ಡಿಎನ್‌ಎ ಚೂರುಗಳನ್ನು ನೋಡುವುದು. ಅದರ ಕರಪತ್ರದಲ್ಲೂ ದೊಡ್ಡದಾಗಿ ಶೇ 99 ಅಂತಿತ್ತು. ಈ ಸಲ ನಾನೇ ಕೇಳಿದೆ, "ಯಾರಲ್ಲಿ, ಡಾಕ್ಟರ್?" ಅವರು ನಕ್ಕರು. ಅದೂ ತೊಂದರೆ ಇದ್ದವರಲ್ಲಿ ಹಿಡಿಯುವ ಪ್ರಮಾಣವೇ, ಆದರೆ ತಪ್ಪು ಪಾಸಿಟಿವ್ ತುಂಬ ಕಡಿಮೆ, ಅಷ್ಟಾದರೂ ಪಾಸಿಟಿವ್ ಬಂದರೆ ಸೂಜಿ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳದೆ ಯಾವ ನಿರ್ಧಾರಕ್ಕೂ ಬರಬಾರದು ಅಂದರು. ನಾವು ಎನ್‌ಐಪಿಟಿ ಮಾಡಿಸಿದೆವು. ಹತ್ತು ದಿನ ಕಾದೆವು. ಆ ಹತ್ತು ದಿನ ಲೆಕ್ಕ ಗೊತ್ತಿದ್ದರೂ ನಿದ್ದೆ ಬರಲಿಲ್ಲ. ಲೋ ರಿಸ್ಕ್ ಅಂತ ಬಂತು.

ಈಗ ಏಳನೇ ತಿಂಗಳು. ಪುಟ್ಟನಿಗೆ ಪರೀಕ್ಷೆ ಹತ್ತಿರ. ಹೋದ ಭಾನುವಾರ ಅದೇ ಪಾಠದ ಇನ್ನೊಂದು ಲೆಕ್ಕ ತಂದ. ಒಬ್ಬ ಮನುಷ್ಯ ನಾಲ್ಕರಲ್ಲಿ ಮೂರು ಸಲ ನಿಜ ಹೇಳ್ತಾನೆ. ದಾಳ ಎಸೆದು "ಆರು ಬಿತ್ತು" ಅಂತಾನೆ. ನಿಜವಾಗಿ ಆರೇ ಬಿದ್ದಿರುವ ಸಂಭವನೀಯತೆ ಎಷ್ಟು? ಪುಟ್ಟ ಬರೆದಿದ್ದು 3/4. ಪುಸ್ತಕದ ಉತ್ತರ 3/8.

"ಮತ್ತೆ ತಿರುಗಿಸಿದೆಯಲ್ಲೋ. ಮುಕ್ಕಾಲು ಯಾರಲ್ಲಿ?"

"ಆರು ಬಿದ್ದಾಗಿನ ಸಲಗಳಲ್ಲಿ" ಅಂತ ಗೊಣಗಿದ. 24 ಸಲ ಎಸೆದೆವು. ಆರು ಬೀಳುವುದು 4 ಸಲ, ಅದರಲ್ಲಿ 3 ಸಲ "ಆರು" ಅನ್ನುತ್ತಾನೆ. ಬೇರೆ ಬೀಳುವುದು 20 ಸಲ, ಅದರಲ್ಲಿ 5 ಸಲ ಸುಳ್ಳು. "ಆರು" ಅಂದಿದ್ದು ಒಟ್ಟು 8 ಸಲ, ನಿಜ 3.

"ತಡಿ ಅಕ್ಕ. ಸುಳ್ಳು ಹೇಳೋನು 'ಆರು' ಅಂತಲೇ ಯಾಕೆ ಹೇಳ್ಬೇಕು? ಎರಡು ಬಿದ್ದಿದ್ರೆ ಐದು ಅನ್ನಬಹುದು, ಒಂದು ಅನ್ನಬಹುದು."

ಹೌದಲ್ಲ ಅನಿಸಿತು. ಆರು ಬಿತ್ತೋ ಇಲ್ಲವೋ ಅಷ್ಟೇ ಅವನು ಹೇಳುವುದು ಅಂತ ಪುಸ್ತಕ ಸುಮ್ಮನೆ ಹಿಡಿದುಕೊಂಡಿದೆ. ಪುಟ್ಟನ ಮಾತಿನಂತೆ ಸುಳ್ಳನ್ನು ಬೇರೆ ಐದು ಸಂಖ್ಯೆಗಳಿಗೆ ಸಮನಾಗಿ ಹಂಚಿದರೆ, 5 ಸುಳ್ಳಲ್ಲಿ "ಆರು" ಅನ್ನೋದು 1 ಸಲ. ಒಟ್ಟು 4 ಸಲ "ಆರು" ಅಂದ, ನಿಜ 3. ಉತ್ತರ 3/4!

ಆರು ಬಿದ್ದದ್ದೂ 4 ಸಲ, "ಆರು" ಅಂದದ್ದೂ 4 ಸಲ. ಎರಡು ಗುಂಪೂ ಒಂದೇ ಗಾತ್ರದ್ದಾದ್ದರಿಂದ ಹಿಂದುಮುಂದಾದರೂ ಉತ್ತರ ಬದಲಾಗಲಿಲ್ಲ. ಪುಟ್ಟನಿಗೆ ಅದನ್ನೇ ವಿವರಿಸುತ್ತಿದ್ದೆ. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ, "ನನ್ನದೇ ಕರೆಕ್ಟು ನೋಡಮ್ಮಾ" ಅಂತ ಚಿಕ್ಕಮ್ಮನನ್ನು ಕೂಗಿ ಕರೆಯುತ್ತಿದ್ದ.

"ಬೋರ್ಡ್ ಪರೀಕ್ಷೆಯಲ್ಲಿ ಮಾತ್ರ 3/8 ಬರಿ" ಅಂದೆ.