ಮುಖದ ಮೇಲಿನ ಬೆಳಕು

ಮುಖದ ಫೋಟೊ ತಿದ್ದುತ್ತ ಕೂತರೆ ನನಗೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಹೇಗೆ ಕಲಿಯಬೇಕು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಕಾಸಿಲ್ಲದೆ ಸಿಗುವ ಜಿಂಪ್ ಹಾಕಿಕೊಳ್ಳಿ, ಮನೆಯವರೊಬ್ಬರನ್ನು ಕಿಟಕಿಯ ಪಕ್ಕ ಕೂರಿಸಿ ಫೋಟೊ ತೆಗೆಯಿರಿ, ತಿಂಗಳಿಡೀ ಅದೊಂದನ್ನೇ ತಿದ್ದಿ. ನನ್ನ ಪಾಲಿಗೆ ಸಿಕ್ಕಿದ್ದು ಅಕ್ಕನ ಮುಖ. ಕೆನ್ನೆಯ ಮೇಲೊಂದು ಮೊಡವೆ, ಗದ್ದದ ಹತ್ತಿರ ಮಚ್ಚೆ, ಕಣ್ಣಿನ ಕೆಳಗೆ ಕಪ್ಪು.

ಮೊದಲ ವಾರಕ್ಕೆ Heal ಒಂದೇ ಸಾಕು. ಪದರದ ನಕಲು ಮಾಡಿಕೊಂಡು ಅದರ ಮೇಲೆಯೇ ಕೆಲಸ ಮಾಡಬೇಕು. ಮೂಲ ಹಾಗೇ ಇರಲಿ. ಕುಂಚ ಮೊಡವೆಗಿಂತ ತುಸು ದೊಡ್ಡದಿರಲಿ. Ctrl ಒತ್ತಿ ಪಕ್ಕದ ಒಳ್ಳೆಯ ಚರ್ಮದ ಮೇಲೆ ಕ್ಲಿಕ್ಕಿಸಿ, ಬಳಿಕ ಮೊಡವೆಯ ಮೇಲೆ ಒಮ್ಮೆ ಒತ್ತಿದರೆ ಮುಗಿಯಿತು. ಕೂದಲಂಚು, ತುಟಿಯಂಚುಗಳಲ್ಲಿ ಮಾತ್ರ Heal ಕೈಕೊಡುತ್ತದೆ. ಪಕ್ಕದ ಕಪ್ಪು ಚರ್ಮಕ್ಕೂ ಹರಡಿ ಕೊಳೆ ಮೆತ್ತಿದ ಹಾಗೆ ಕಾಣುತ್ತದೆ. ಅಲ್ಲಿಗೆ Clone ಬೇಕು. ಮೊಡವೆ ವಾರದಲ್ಲಿ ಹೋಗುತ್ತದೆ, ಅಳಿಸಬಹುದು. ಮಚ್ಚೆ ಅಕ್ಕನದೇ, ಅದನ್ನು ಮುಟ್ಟಬಾರದು.

ಎರಡನೆಯ ಮತ್ತು ಮೂರನೆಯ ವಾರ ನನಗೆ ಬಲು ಇಷ್ಟ. ಚರ್ಮ ಒರಟಾಗಿದೆ ಎಂದು ನಮಗೆ ಅನ್ನಿಸುವ ಕಡೆ ನೋಡಿದರೆ, ಬಹುಪಾಲು ಇರುವುದು ಸಣ್ಣಸಣ್ಣ ನೆರಳು. ಹಾಗಾಗಿ ಚರ್ಮವನ್ನು ಮಸುಕು ಮಾಡದೆ ಬೆಳಕನ್ನು ಸರಿದೂಗಿಸಬೇಕು. ಹೊಸ ಪದರಕ್ಕೆ 808080 ಎಂಬ ನಡು ಬೂದುಬಣ್ಣ ತುಂಬಿ, ಮೋಡ್ Soft light ಮಾಡಿ; ಬೂದು ಮಾಯವಾಗುತ್ತದೆ. ಮೆತ್ತನೆ ಅಂಚಿನ ಕುಂಚದ Opacity 5ರಿಂದ 10ರೊಳಗಿಟ್ಟು, ನೆರಳಿಗೆ ಬಿಳಿ, ಅತಿ ಹೊಳಪಿಗೆ ಕಪ್ಪು ಸವರುತ್ತ ಹೋಗಿ. ಬಣ್ಣ ಕಣ್ಣಿಗೆ ಅಡ್ಡ ಬಂದರೆ, ಎಲ್ಲದರ ಮೇಲೆ ಇನ್ನೊಂದು ಬೂದು ಪದರ ಹಾಕಿ LCh Color ಮಾಡಿ. ಚಿತ್ರ ಕಪ್ಪು-ಬಿಳುಪಾಗಿ, ಏರುತಗ್ಗುಗಳು ಎದ್ದು ಕಾಣುತ್ತವೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಿರಿ.

ಕಣ್ಣಿನ ಕೆಳಗೆ ಬಹಳ ಹುಷಾರು ಬೇಕು. "ಆ ಕಪ್ಪು ಪೂರ್ತಿ ತೆಗೆದುಬಿಡೋ" ಅಂದಳು ಅಕ್ಕ. ಪೂರ್ತಿ ತೆಗೆದರೆ ಕಣ್ಣಿನ ಗುಳಿಯೇ ಹೋಗಿ ಮುಖ ಚಪ್ಪಟೆಯಾಗುತ್ತದೆ. ಅರ್ಧಕ್ಕೆ ನಿಲ್ಲಿಸಿ ತೋರಿಸಿದೆ. "ನಿದ್ದೆ ಮಾಡಿ ಎದ್ದ ಹಾಗಿದೀನಿ ಕಣೋ" ಅಂತ ಒಪ್ಪಿಕೊಂಡಳು. ಕೆಲಸ ಹದ ಮೀರಿದೆಯೇ ಎಂದು ತಿಳಿಯಲು ಚಿತ್ರವನ್ನು ಪರದೆಗೆ ಹೊಂದುವಷ್ಟು ಚಿಕ್ಕದು ಮಾಡಿ, ಪದರದ ಕಣ್ಣಿನ ಗುರುತನ್ನು ಒತ್ತಿ ತೆಗೆದು ನೋಡಿ. ತಿದ್ದಿದ್ದು ಥಟ್ಟನೆ ಕಣ್ಣಿಗೆ ಹೊಡೆದರೆ ಆ ಪದರದ Opacity ಇಳಿಸಿ.

ಕೊನೆಯ ವಾರ ಹೊಸ ಸಲಕರಣೆ ಬೇಡ. ಚರ್ಮದ ನವಿರು ಮತ್ತು ಬಣ್ಣವನ್ನು ಬೇರೆ ಬೇರೆ ಪದರಗಳಾಗಿ ಬಿಡಿಸುವ Wavelet-decompose ಜಿಂಪ್‌ನಲ್ಲೇ ಇದೆ. ಆದರೆ ಹೊಸಬರು ಅದಕ್ಕೆ ಕೈಹಾಕಿದರೆ ಮುಖ ಮೇಣದ ಬೊಂಬೆಯಾಗುವುದೇ ಹೆಚ್ಚು, ಮುಂದಿನ ತಿಂಗಳಿಗಿರಲಿ. ಬದಲಿಗೆ ಅದೇ ಫೋಟೊವನ್ನು ಮೊದಲಿನಿಂದ ಮತ್ತೆ ತಿದ್ದಿ, ಹಳೆಯದರ ಪಕ್ಕ ಇಟ್ಟು ನೋಡಿ. ದಿನದ ಕೆಲಸವನ್ನು XCF ಕಡತವಾಗಿಯೇ ಉಳಿಸಿ. JPEGನಲ್ಲಿ ಪದರಗಳು ಉಳಿಯುವುದಿಲ್ಲ.