ಬೆಳಗ್ಗೆ ಹೇಳಿದ್ದೋ, ಬೆಳಗ್ಗೆ ಬಿಡೋದೋ?

ಚಂದ್ರಾ ಲೇಔಟಿನಲ್ಲಿ ನಾವಿರುವ ಬಾಡಿಗೆ ಮನೆಗೆ ಕಾವೇರಿ ನೀರು ದಿನಾ ಬರುವುದಿಲ್ಲ. ಬಂದ ಹೊತ್ತಿಗೆ ಯಾರಾದರೊಬ್ಬರು ಮನೆಯಲ್ಲಿದ್ದು ಡ್ರಮ್ಮು, ಬಿಂದಿಗೆ ತುಂಬಿಸಿಕೊಳ್ಳಬೇಕು. ಊರಿನಲ್ಲಿ ನೀರುಗಂಟಿ ಇದ್ದ ಹಾಗೆ ಇಲ್ಲಿ ವಾಲ್ವ್ ತಿರುಗಿಸುವವರಿದ್ದಾರೆ. ಅವರನ್ನು ನಾವು 'ನೀರಿನವರು' ಅಂತೀವಿ. ಒಂದು ಸಂಜೆ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಈ ಸಾಲು ಬಂತು:

ನೀರಿನವರು ಬೆಳಗ್ಗೆ ನೀರು ಬಿಡ್ತೀವಿ ಅಂತ ಹೇಳಿದ್ರು

ನಮ್ಮಲ್ಲಿ ಒಬ್ಬರು, ನಾಳೆ ಬೆಳಗ್ಗೆ ನೀರು ಅಂದುಕೊಂಡು ಮಲಗಲು ಹೊರಟರು. ಇನ್ನೊಬ್ಬರು, ಅವರು ಇವತ್ತು ಬೆಳಗ್ಗೆಯೇ ಹೇಳಿದ್ದಾರೆ, ಹಾಗಾದರೆ ರಾತ್ರಿಯೇ ಬರಬಹುದು ಅಂತ ನಲ್ಲಿ ಕಾಯುತ್ತಾ ಕೂತರು. ಕೆಳಗಿನ ಮನೆಯ ಅಕ್ಕ ಗಾರ್ಮೆಂಟ್ಸಿಗೆ ಹೋಗುವವರು. ನಾಳೆ ಬೆಳಗ್ಗೆ ಅಂತಾದರೆ ಅವರು ಅರ್ಧ ದಿನದ ಸಂಬಳ ಬಿಟ್ಟು ಮನೆಯಲ್ಲಿರಬೇಕು.

ಈ ಸಾಲಿನಲ್ಲಿ ಗೊತ್ತಿಲ್ಲದ ಪದ ಒಂದೂ ಇಲ್ಲ. ತೊಡಕಿರುವುದು ಜೋಡಣೆಯಲ್ಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಲ್ಲಿ 'ಬಿಡ್ತೀವಿ', 'ಹೇಳಿದ್ರು' ಎಂಬ ಎರಡು ಕ್ರಿಯಾಪದಗಳಿವೆ, ಎರಡೂ 'ಬೆಳಗ್ಗೆ'ಯ ನಂತರವೇ ಬಂದಿವೆ. ಹಾಗಾಗಿ 'ಬೆಳಗ್ಗೆ' ಯಾವುದರ ಜೊತೆ ಬೇಕಾದರೂ ಸೇರಿಕೊಳ್ಳುತ್ತದೆ.

ಬಾಯಲ್ಲಿ ಹೇಳಿದ್ದರೆ ಈ ಗೊಂದಲ ಇರುತ್ತಿರಲಿಲ್ಲ. 'ನೀರಿನವರು' ಅಂದ ಮೇಲೆ ತುಸು ನಿಲ್ಲಿಸಿ, 'ಬೆಳಗ್ಗೆ ನೀರು ಬಿಡ್ತೀವಿ' ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿ ನೋಡಿ: ನೀರು ಬರುವುದು ಬೆಳಗ್ಗೆ. 'ನೀರಿನವರು ಬೆಳಗ್ಗೆ' ಅಂದ ಮೇಲೆ ನಿಲ್ಲಿಸಿದರೆ, ಹೇಳಿದ್ದು ಬೆಳಗ್ಗೆ. ಬರವಣಿಗೆಯಲ್ಲಿ ಆ ನಿಲುಗಡೆಯ ಜಾಗಕ್ಕೆ ಅಲ್ಪವಿರಾಮ ಬರುತ್ತದೆ:

ನೀರಿನವರು, ಬೆಳಗ್ಗೆ ನೀರು ಬಿಡ್ತೀವಿ ಅಂತ ಹೇಳಿದ್ರು.
ನೀರಿನವರು ಬೆಳಗ್ಗೆ, ನೀರು ಬಿಡ್ತೀವಿ ಅಂತ ಹೇಳಿದ್ರು.

ಆದರೆ ಫೋನಿನಲ್ಲಿ ಅಲ್ಪವಿರಾಮ ಹಾಕುವವರು ಕಡಿಮೆ, ಹಾಕಿದರೂ ಓದುವವರ ಕಣ್ಣಿಗೆ ಬೀಳದೆ ಹೋಗಬಹುದು. ಅದಕ್ಕೆ ನಾವು ಸುದ್ದಿ ಬರೆಯುವಾಗ ಪದವನ್ನೇ ಅದರ ಕ್ರಿಯಾಪದದ ಪಕ್ಕಕ್ಕೆ ಒಯ್ಯುತ್ತೇವೆ. 'ನೀರು ಬಿಡ್ತೀವಿ ಅಂತ ನೀರಿನವರು ಬೆಳಗ್ಗೆ ಹೇಳಿದ್ರು' ಅಂದರೆ ಎರಡನೇ ಅರ್ಥಕ್ಕೆ ಜಾಗವಿಲ್ಲ. ಇನ್ನೊಂದು ಅರ್ಥ ಬೇಕಿದ್ದರೆ 'ನೀರು ಬೆಳಗ್ಗೆ ಬರುತ್ತೆ, ನೀರಿನವರು ಹೇಳಿದ್ರು' ಅಂತ ಎರಡು ತುಂಡು ಮಾಡಿದರೆ ಸಾಕು.

ಊರಿನ ಸುದ್ದಿಯಲ್ಲೂ ಇಂಥದ್ದು ಬರುತ್ತದೆ. 'ಸತ್ತ ರೈತನ ಎತ್ತಿಗೆ ಪರಿಹಾರ' ಎಂಬ ತಲೆಬರಹ ನೋಡಿ. ಸತ್ತಿದ್ದು ರೈತನೋ, ಎತ್ತೋ? 'ಸತ್ತ' ಎಂಬುದು ಮುಂದಿನ ಎರಡು ಹೆಸರುಗಳಲ್ಲಿ ಯಾವುದಕ್ಕಾದರೂ ಅಂಟಿಕೊಳ್ಳುತ್ತದೆ. ಇಲ್ಲಿ 'ಸತ್ತ' ಆದ ಮೇಲೆ ಅಲ್ಪವಿರಾಮ ಹಾಕಿದರೆ ಓದಲು ವಿಚಿತ್ರ. 'ರೈತನ ಸತ್ತ ಎತ್ತಿಗೆ ಪರಿಹಾರ' ಅಂತ ಪದ ಸರಿಸಿದರೆ ಬದುಕಿರುವ ರೈತ ಬದುಕಿಯೇ ಇರುತ್ತಾನೆ.

ಬರೆದವರಿಗೆ ತಮ್ಮ ಸಾಲಿನ ಎರಡನೇ ಅರ್ಥ ಕಾಣುವುದು ಕಷ್ಟ, ಮನಸ್ಸಿನಲ್ಲಿ ಒಂದೇ ದನಿ ಇರುತ್ತದೆ. ಅದಕ್ಕೆ ಕಳಿಸುವ ಮುಂಚೆ ಎರಡು ಕಡೆ ನಿಲ್ಲಿಸಿ ಜೋರಾಗಿ ಓದಿ. ಎರಡೂ ಸರಿ ಅನಿಸಿದರೆ ಸಾಲು ಬದಲಿಸಿ.