ನಾಲ್ಕು ಜಾಬ್ ಶೀಟು, ಒಂದು ಫ್ರಿಜ್ಜು

ಫ್ರಿಜ್ಜಿನ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೇ ಸುತ್ತುತ್ತಾ ಇರುತ್ತೆ, ಹತ್ತು ವರ್ಷ ಬೇಕಾದರೂ. ಅದು ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಈ ಒಂದು ವಿಷಯ ಗೊತ್ತಿಲ್ಲದಿದ್ದರೆ ನನ್ನ ಕೇಸು ಕಟ್ಟುತ್ತಲೇ ಇರಲಿಲ್ಲ. ಹೇಳಿಕೊಟ್ಟಿದ್ದು ಯಾವ ವಕೀಲರೂ ಅಲ್ಲ, ಮೂರನೇ ಸಲ ಮನೆಗೆ ಬಂದ ಟೆಕ್ನಿಷಿಯನ್ ಹುಡುಗ. 'ಮೇಡಂ, ಇದು ಬಾಡಿ ಲೀಕ್ ಇರಬೇಕು. ಒಳಗಿನ ಪೈಪು ಫೋಮ್ ಮಧ್ಯೆ ಹೋಗಿರುತ್ತೆ, ಅಲ್ಲಿ ಸೋರಿದ್ರೆ ನಮ್ ಕೈಲಿ ಏನೂ ಆಗಲ್ಲ' ಅಂದ. ಹಾಗಂತ ಶೀಟಿನಲ್ಲಿ ಬರೆದುಕೊಡಪ್ಪ ಅಂದರೆ ನಕ್ಕುಬಿಟ್ಟ. ಬರೆದಿದ್ದು ಮಾತ್ರ 'ಗ್ಯಾಸ್ ಚಾರ್ಜ್ ಮಾಡಲಾಗಿದೆ' ಅಂತ.

2023ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಅಂಗಡಿಯಲ್ಲಿ 28,400 ರೂಪಾಯಿ ಕೊಟ್ಟು ತಂದ ಫ್ರಿಜ್ಜು. ಒಂದು ವರ್ಷ ಪೂರ್ತಿ ವಾರಂಟಿ, ಕಂಪ್ರೆಸರ್‌ಗೆ ಹತ್ತು ವರ್ಷ. ಜುಲೈನಲ್ಲಿ ಮೊದಲ ಸಲ ತಂಪು ನಿಂತಿತು. ಆಮೇಲೆ ಸೆಪ್ಟೆಂಬರ್, ನವೆಂಬರ್, ಜನವರಿ. ಪ್ರತಿ ಸಲವೂ ಬಂದರು, ಗ್ಯಾಸ್ ತುಂಬಿದರು, ಹೋದರು. ಹಾಲು ಒಡೆದರೆ ಸಹಿಸಬಹುದು ಕಣ್ರೀ, ಆದರೆ ಅದರೊಳಗೆ ಅಪ್ಪನ ಇನ್ಸುಲಿನ್ ಇರುತ್ತಿತ್ತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ನವೆಂಬರ್‌ನಲ್ಲಿ ನಾವು ಮದುವೆಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಫ್ರಿಜ್ಜು ಬೆಚ್ಚಗಾಗಿ ಎಷ್ಟು ದಿನವಾಗಿತ್ತೋ ಯಾರಿಗೆ ಗೊತ್ತು. ಔಷಧಿ ನೋಡೋಕೆ ಚೆನ್ನಾಗೇ ಇತ್ತು. ಡಾಕ್ಟರು 'ಎಲ್ಲಾ ಬಿಸಾಡಿ' ಅಂದರು.

ಅಂಗಡಿಯವರದು ಒಂದೇ ರಾಗ: 'ಕಂಪನಿ ಹತ್ರ ಮಾತಾಡಿ ಮೇಡಂ, ನಾವು ಮಾರೋರಷ್ಟೇ.' ಕಂಪನಿಯದು ಇನ್ನೊಂದು: 'ನಿಮ್ಮ ದೂರು ಪರಿಹಾರವಾಗಿದೆ.' ಈ 'ಪರಿಹಾರವಾಗಿದೆ' ಹೇಗೆ ಹುಟ್ಟುತ್ತೆ ಅಂದರೆ, ರಿಪೇರಿ ಮುಗಿದ ಮೇಲೆ ನಮ್ಮ ಫೋನಿಗೆ ಒಂದು ಓಟಿಪಿ ಬರುತ್ತಲ್ಲ, ಅದನ್ನು ಹೇಳಿದ ಕೂಡಲೇ ಅವರ ದಾಖಲೆಯಲ್ಲಿ ದೂರು ಮುಗಿದಂತೆ. ಜನವರಿಯಲ್ಲಿ ನಾನು ಓಟಿಪಿ ಕೊಡಲಿಲ್ಲ. ಒಂದು ದಿನ ಓಡಲಿ, ತಂಪಾದರೆ ಕೊಡುತ್ತೇನೆ ಅಂದೆ. ಹುಡುಗ ಪಾಪ ಗೋಗರೆದ, ಅವನ ಟಾರ್ಗೆಟ್ ಅವನಿಗೆ. ಮರುದಿನ ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟು 14 ಡಿಗ್ರಿ ತೋರಿಸುವ ಫೋಟೋ ತೆಗೆದು, ದೂರಿನ ನಂಬರ್ ಬರೆದು ಈಮೇಲ್ ಮಾಡಿದೆ. ಆ ದೂರು ಕೊನೆಯವರೆಗೂ ತೆರೆದೇ ಉಳಿಯಿತು.

1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ, ಎಷ್ಟೋ ಸಲ ಅಷ್ಟಕ್ಕೇ ಬಗೆಹರಿಯುತ್ತೆ. ಆದರೆ ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ನನಗೆ ಬಂದ ಉತ್ತರ: ಐದನೇ ಸಲ ಗ್ಯಾಸ್ ಉಚಿತವಾಗಿ ತುಂಬಿಕೊಡುತ್ತೇವೆ!

ಇಲ್ಲಿ ತುಂಬಾ ಜನ ಈಮೇಲ್ ಬರೆಯುತ್ತಲೇ ವರ್ಷ ಕಳೆಯುತ್ತಾರೆ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಆಯೋಗಕ್ಕೆ ಹೋಗಬೇಕು, ನಾವು ಈಮೇಲ್ ಬರೆಯುತ್ತಾ ಕೂತರೆ ಆ ಅವಧಿಯೇನೂ ನಿಂತು ಕಾಯುವುದಿಲ್ಲ. ಹಾಗಾಗಿ ಫೆಬ್ರವರಿಯಲ್ಲಿ ಅಂಗಡಿಗೂ ಕಂಪನಿಗೂ ಹದಿನೈದು ದಿನದ ಗಡುವಿಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದೆ. ನೋಟಿಸ್ ಕಡ್ಡಾಯವಲ್ಲ, ವಕೀಲರೇ ಬರೆಯಬೇಕೆಂದೂ ಇಲ್ಲ. ಆದರೆ 'ನಮಗೆ ಗೊತ್ತೇ ಇರಲಿಲ್ಲ' ಅನ್ನುವ ದಾರಿ ಮುಚ್ಚುತ್ತೆ. ಉತ್ತರ ಬರಲಿಲ್ಲ.

ಮಾರ್ಚ್‌ನಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಹಾಕಿದೆ, ಆನ್‌ಲೈನಲ್ಲೇ. ಆಗ ಇ-ದಾಖಿಲ್ ಇತ್ತು, ಈಗ e-jagriti.gov.in. ನಾವು ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. 2019ರ ಕಾಯ್ದೆ ಬಂದ ಮೇಲೆ ಇನ್ನೊಂದು ಅನುಕೂಲವಾಗಿದೆ: ಕಂಪನಿಯ ಆಫೀಸು ಗುರುಗ್ರಾಮದಲ್ಲಿರಲಿ, ಮುಂಬೈಯಲ್ಲಿರಲಿ, ನಾವು ವಾಸವಿರುವ ಅಥವಾ ಕೆಲಸ ಮಾಡುವ ಊರಲ್ಲೇ ದೂರು ಕೊಡಬಹುದು. ಅಂಗಡಿ ಒಂದನೇ ಎದುರುದಾರ, ಕಂಪನಿ ಎರಡನೇ ಎದುರುದಾರ. ಇಬ್ಬರನ್ನೂ ಸೇರಿಸಿ, ಇಲ್ಲದಿದ್ದರೆ ಇದ್ದವರು ಇಲ್ಲದವರ ಮೇಲೆ ಹಾಕುತ್ತಾರೆ. ಬಿಲ್ಲು, ವಾರಂಟಿ ಕಾರ್ಡು, ನಾಲ್ಕು ಜಾಬ್ ಶೀಟು, ಈಮೇಲ್‌ಗಳು, ಫೋಟೋ, ಪೋಸ್ಟಿನ ರಸೀದಿ, ಜೊತೆಗೊಂದು ಅಫಿಡವಿಟ್. ಫೋನಿನಿಂದ ಪ್ರಿಂಟ್ ತೆಗೆದ ಫೋಟೋ, ಮೆಸೇಜುಗಳಿಗೆ ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ ಅಂತ ಒಂದು ಪುಟ ಬೇರೆ.

ಆಯೋಗದ ನೋಟಿಸ್ ಕೈಸೇರಿದ 30 ದಿನದಲ್ಲಿ ಎದುರುದಾರರು ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ. ಅದನ್ನು ಮೀರಿ ಒಂದು ದಿನವೂ ಕೊಡುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಅಂಗಡಿಯವರು ಬರಲೇ ಇಲ್ಲ, ಎಕ್ಸ್‌ಪಾರ್ಟಿ ಆದರು. ಕಂಪನಿ 41ನೇ ದಿನ ಉತ್ತರ ಹಾಕಿತು: ನಿಮ್ಮ ಮನೆಯಲ್ಲಿ ವೋಲ್ಟೇಜ್ ಏರುಪೇರು, ಮತ್ತು ಫ್ರಿಜ್ಜಿನಲ್ಲಿ ಉತ್ಪಾದನಾ ದೋಷವಿದೆ ಅನ್ನುವುದಕ್ಕೆ ತಜ್ಞರ ವರದಿ ಎಲ್ಲಿ?

ವಸ್ತುವಿನ ದೂರುಗಳು ಬಿದ್ದುಹೋಗುವುದು ಸಾಮಾನ್ಯವಾಗಿ ಇಲ್ಲೇ. 'ಕೆಟ್ಟಿದೆ' ಅನ್ನುವುದು ಬೇರೆ, 'ದೋಷವಿತ್ತು' ಅಂತ ತೋರಿಸುವುದು ಬೇರೆ. ಪರೀಕ್ಷೆ ಇಲ್ಲದೆ ದೋಷ ತಿಳಿಯುವುದಿಲ್ಲ ಅನ್ನಿಸಿದರೆ ಆಯೋಗವೇ ಲ್ಯಾಬಿಗೆ ಕಳಿಸಬಹುದು, ಅದರ ಖರ್ಚನ್ನು ನಾವು ಮೊದಲು ಕಟ್ಟಬೇಕು. ಬೇಕಾದರೆ ಕಳಿಸಿ ಅಂತ ನಾನು ಅರ್ಜಿ ಹಾಕಿಟ್ಟಿದ್ದೆ. ಆದರೆ ವಾದ ಮಾಡಿದ್ದು ಅವರದೇ ಕಾಗದ ಹಿಡಿದು. ಏಳು ತಿಂಗಳಲ್ಲಿ ನಾಲ್ಕು ಸಲ ಗ್ಯಾಸ್ ತುಂಬಿದ್ದೀರಿ, ಅಂದರೆ ನಾಲ್ಕು ಸಲ ಸೋರಿದೆ. ವೋಲ್ಟೇಜ್ ಹೆಚ್ಚುಕಡಿಮೆಯಾದರೆ ಬೋರ್ಡು ಸುಡಬಹುದು, ಕಂಪ್ರೆಸರ್ ಹೋಗಬಹುದು, ಪೈಪಿನಿಂದ ಗ್ಯಾಸ್ ಹೇಗೆ ಸೋರುತ್ತೆ? ನಾಲ್ಕೂ ಶೀಟಿನಲ್ಲಿ ವೋಲ್ಟೇಜ್ ಕಾಲಂ ಇದೆ, 220ರಿಂದ 230 ಅಂತ ನಿಮ್ಮ ಹುಡುಗರೇ ಬರೆದಿದ್ದಾರೆ. ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿ, ವಕೀಲರಿಲ್ಲದೆ, ಕನ್ನಡದಲ್ಲಿ ಇಷ್ಟು ಹೇಳಿ ಕೂತೆ. ಕಾಲು ನಡುಗುತ್ತಿತ್ತು. ಲ್ಯಾಬಿನ ಅಗತ್ಯ ಬೀಳಲಿಲ್ಲ.

ಪರೀಕ್ಷೆ ಬೇಡದ ಕೇಸು ಮೂರು ತಿಂಗಳಲ್ಲಿ ಮುಗಿಯಬೇಕು ಅಂತ ಕಾಯ್ದೆಯಲ್ಲಿದೆ. ನನ್ನದು ಹನ್ನೊಂದು ತಿಂಗಳು ಹಿಡಿಯಿತು, ಐದು ಅರ್ಧ ದಿನ ರಜೆ. ಗೆಳತಿಯೊಬ್ಬಳು ಮಾನಸಿಕ ಹಿಂಸೆಗೆ ಎರಡು ಲಕ್ಷ ಕೇಳು ಅಂದಿದ್ದಳು. ನಾನು ಕೇಳಿದ್ದು 25 ಸಾವಿರ, ಕೊಟ್ಟಿದ್ದು 5 ಸಾವಿರ. ಫ್ರಿಜ್ಜಿನ ಪೂರ್ತಿ ಬೆಲೆ, ಅದಕ್ಕೆ ಬಡ್ಡಿ, ಖರ್ಚಿಗೆ 3 ಸಾವಿರ, ಇಬ್ಬರೂ ಸೇರಿ 45 ದಿನದಲ್ಲಿ ಕೊಡಬೇಕು ಅಂತ ಆದೇಶ. ಇನ್ಸುಲಿನ್ ಬಿಲ್ಲಿನ ಹಣ ಬರಲಿಲ್ಲ. ಕೊಂಡಿದ್ದಕ್ಕೆ ಬಿಲ್ಲಿತ್ತು, ಆ ಫ್ರಿಜ್ಜಿನಲ್ಲಿಟ್ಟೇ ಹಾಳಾಯಿತು ಅನ್ನುವುದಕ್ಕೆ ಕಾಗದ ಇರಲಿಲ್ಲ. ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಯಾರು ಬರೆಸಿಕೊಳ್ಳುತ್ತಾರೆ ಹೇಳಿ! ಈಗಲೂ ಅದೊಂದು ನನಗೆ ಸರಿ ಅನ್ನಿಸಿಲ್ಲ.

ಗೆದ್ದ ಮೇಲೆ ಹಣ ತಾನಾಗಿ ಬರುತ್ತೆ ಅಂದುಕೊಂಡರೆ ಬರಲ್ಲ. ಕಂಪನಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾದರೆ 45 ದಿನದೊಳಗೆ, ಆದೇಶದ ಅರ್ಧ ಹಣ ಕಟ್ಟಿಯೇ ಹೋಗಬೇಕು. ಅದನ್ನೂ ಮಾಡಲಿಲ್ಲ, ದುಡ್ಡೂ ಕೊಡಲಿಲ್ಲ. ಐವತ್ತನೇ ದಿನ ಅದೇ ಆಯೋಗದಲ್ಲಿ 72ನೇ ಸೆಕ್ಷನ್ ಕೆಳಗೆ ಅರ್ಜಿ ಹಾಕಿದೆ. ಆದೇಶ ಪಾಲಿಸದವರಿಗೆ ಕನಿಷ್ಠ ಒಂದು ತಿಂಗಳು, ಮೂರು ವರ್ಷದವರೆಗೂ ಜೈಲು, ಇಲ್ಲವೇ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ವಿಧಿಸಬಹುದಾದ ಸೆಕ್ಷನ್ ಅದು. ಮುಂದಿನ ತಾರೀಖಿಗೆ ಕಂಪನಿಯ ವಕೀಲರು ಡಿಡಿ ಹಿಡಿದುಕೊಂಡೇ ಬಂದರು.

ಹಳೆಯ ಫ್ರಿಜ್ಜನ್ನು ವಾಪಸ್ ಕೊಡಬೇಕು ಅಂತಲೂ ಆದೇಶದಲ್ಲಿತ್ತು. ಒಯ್ಯಲು ಬಂದ ಟೆಂಪೋದವರ ಹತ್ತಿರ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಬರೆಸಿ, 'ತಲುಪಿದೆ' ಅಂತ ಸಹಿ ಹಾಕಿಸಿಕೊಂಡೆ.